ಪಿಜಿ ಗೇಟ್ ಹತ್ತಕ್ಕೆ ಮುಚ್ಚುತ್ತೆ: ಒಂಬೈನೂರು ರೂಪಾಯಲ್ಲಿ ಇಬ್ಬರು ಶ್ರೀರಂಗಪಟ್ಟಣಕ್ಕೆ ಹೋಗಿ ಬರೋದು ಹೇಗೆ?

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಕಳೆದ ತಿಂಗಳು ಒಬ್ಬ ಕೇಳುಗರು ವಾಯ್ಸ್ ಮೆಸೇಜ್ ಕಳಿಸಿದ್ರು. "ಅಣ್ಣಾ, ಭಾನುವಾರ ಇಬ್ಬರು ಮಾಲ್‌ಗೆ ಹೋಗಿ ಸಿನಿಮಾ ನೋಡಿ ಊಟ ಮಾಡಿದ್ರೆ ಎರಡು ಸಾವಿರ ಹೋಗುತ್ತೆ. ಬೈಕ್ ಇಲ್ಲ, ಕಾರ್ ಕೇಳಲೇಬೇಡಿ. ನಮ್ಮಂಥೋರು ಎಲ್ಲಿಗೆ ಹೋಗೋದು?" ಅಂತ. ಇವತ್ತಿನ ಸಂಚಿಕೆ ಆ ಪ್ರಶ್ನೆಗೆ ಉತ್ತರ. ಹತ್ತು ಜಾಗದ ಪಟ್ಟಿ ಕೊಡಲ್ಲ. ಒಂದೇ ಜಾಗ, ಒಂದೇ ದಿನ, ರೈಲು ಮತ್ತು ಕೆಂಪು ಬಸ್ಸು. ಬೆಂಗಳೂರಿಂದ ಶ್ರೀರಂಗಪಟ್ಟಣ.

ಮೊದಲು ನಾನು ಇದನ್ನ ಹೇಗೆ ಕೆಡಿಸಿದೆ ಅನ್ನೋದನ್ನ ಹೇಳಿಬಿಡ್ತೀನಿ. ಆಮೇಲೆ ಹೇಳೋದೆಲ್ಲ ಅದರಿಂದ ಕಲಿತಿದ್ದೇ.

ನಾನು, ಇವಳು ಇಬ್ಬರೂ ಬೆಂಗಳೂರಲ್ಲಿ ಕೆಲಸ ಮಾಡೋರು. ಇಬ್ಬರೂ ಪಿಜಿಯಲ್ಲಿ ಇದ್ವಿ. ಅವಳ ಪಿಜಿ ಗೇಟ್ ರಾತ್ರಿ ಹತ್ತಕ್ಕೆ ಮುಚ್ಚುತ್ತೆ. ಹತ್ತು ಗಂಟೆ ಐದು ನಿಮಿಷಕ್ಕೆ ಹೋದ್ರೆ ಗೇಟ್ ತೆಗೀತಾರೆ, ಆದ್ರೆ ತೆಗೆಯೋ ಮೊದಲು ಊರಲ್ಲಿರೋ ಅಪ್ಪಂಗೆ ಫೋನ್ ಹೋಗುತ್ತೆ. ಅವಳ ಮನೆಯಲ್ಲಿ ನನ್ನ ವಿಷಯ ಆಗ ಗೊತ್ತಿರಲಿಲ್ಲ. ಅಂದ್ರೆ ನಮ್ಮ ಇಡೀ ಪ್ರವಾಸ ನಿಂತಿದ್ದು ಆ ಹತ್ತು ಗಂಟೆಯ ಮೇಲೆ.

ಮೊದಲನೇ ಸಲ ನಾನು ಹೋಗೋದರ ಬಗ್ಗೆ ಮಾತ್ರ ಯೋಚನೆ ಮಾಡಿದ್ದೆ. ಬೆಳಗ್ಗೆ ಪ್ಯಾಸೆಂಜರ್ ರೈಲು ಹತ್ತೋದು, ಸುತ್ತೋದು, ಸಂಜೆ ಮೈಸೂರು ಕಡೆಯಿಂದ ಬರೋ ಯಾವುದಾದ್ರೂ ರೈಲು ಹಿಡಿಯೋದು. ಮೈಸೂರು-ಬೆಂಗಳೂರು ಮಧ್ಯೆ ಎಷ್ಟೊಂದು ರೈಲು ಇದಾವೆ, ಯಾವುದಾದ್ರೂ ಸಿಗುತ್ತೆ ಬಿಡು ಅಂದುಕೊಂಡೆ. ಸಂಜೆ ಪ್ಲಾಟ್‌ಫಾರ್ಮಲ್ಲಿ ನಿಂತಿದ್ವಿ. ರೈಲು ಬಂತು. ವೇಗ ಕಡಿಮೆ ಆಗಲೇ ಇಲ್ಲ. ನಮ್ಮ ಮುಂದೆ ದೂಳೆಬ್ಬಿಸಿಕೊಂಡು ಹಾಗೇ ಹೋಯ್ತು. ಶ್ರೀರಂಗಪಟ್ಟಣದಲ್ಲಿ ಎಲ್ಲಾ ಎಕ್ಸ್‌ಪ್ರೆಸ್ ರೈಲೂ ನಿಲ್ಲಲ್ಲ ಅನ್ನೋದು ನನಗೆ ಗೊತ್ತಾಗಿದ್ದು ಆ ಕ್ಷಣದಲ್ಲಿ.

ಸರಿ, ಬಸ್ ಹಿಡಿಯೋಣ ಅಂತ ಓಡಿದ್ವಿ. ಅಲ್ಲೂ ಅದೇ ಕಥೆ. ಹೊಸ ಹೆದ್ದಾರಿಗೆ ಶ್ರೀರಂಗಪಟ್ಟಣದ ಹತ್ತಿರ ಬೈಪಾಸ್ ಇದೆ. ಮೈಸೂರಿಂದ ಬೆಂಗಳೂರಿಗೆ ನೇರವಾಗಿ ಹೋಗೋ ನಾನ್‌ಸ್ಟಾಪ್ ಬಸ್ಸುಗಳು ಊರೊಳಗೆ ಬರೋದೇ ಇಲ್ಲ. ಕೊನೆಗೆ ಊರೂರಲ್ಲಿ ನಿಲ್ಲೋ ಬಸ್ಸಲ್ಲಿ ಮಂಡ್ಯಕ್ಕೆ ಹೋಗಿ, ಅಲ್ಲಿಂದ ಇನ್ನೊಂದು ಹತ್ತಿ, ಬೆಂಗಳೂರು ತಲುಪಿ, ಪಿಜಿ ಮುಂದೆ ನಿಂತಾಗ ಹತ್ತೂ ಇಪ್ಪತ್ತು. ಅಪ್ಪಂಗೆ ಫೋನ್ ಹೋಯ್ತು. ಆಮೇಲೆ ಮೂರು ತಿಂಗಳು ಅವಳು ನನ್ನ ಜೊತೆ ಊರು ದಾಟಿ ಎಲ್ಲಿಗೂ ಬರಲಿಲ್ಲ. ತಪ್ಪು ಪೂರ್ತಿ ನಂದೇ. ಅವಳು ಒಂದೇ ಮಾತು ಹೇಳಿದ್ಲು, "ನೀನು ಕರ್ಕೊಂಡು ಹೋಗೋದು ಮಾತ್ರ ಯೋಚನೆ ಮಾಡ್ದೆ ಕಣೋ, ವಾಪಸ್ ಬಿಡೋದು ಯೋಚನೆ ಮಾಡ್ಲಿಲ್ಲ."

ಎರಡನೇ ಸಲ ಲೆಕ್ಕ ಹಾಕಿದ್ದು ಅವಳು. ಹಿಂದಿನಿಂದ ಮುಂದಕ್ಕೆ ಹಾಕಿದ್ಲು. ಈ ಸಂಚಿಕೆಯಲ್ಲಿ ನೀವು ಒಂದೇ ವಿಷಯ ನೆನಪಿಟ್ಟುಕೊಂಡ್ರೂ ಸಾಕು ಅಂದ್ರೆ ಅದು ಈ ಲೆಕ್ಕ.

ಗೇಟ್ ಹತ್ತಕ್ಕೆ. ಮೆಜೆಸ್ಟಿಕ್‌ನಿಂದ ಅವಳ ಪಿಜಿಗೆ ಮೆಟ್ರೋ, ನಡಿಗೆ ಎಲ್ಲಾ ಸೇರಿ ಮುಕ್ಕಾಲು ಗಂಟೆ. ಅಂದ್ರೆ ಒಂಬತ್ತೂ ಕಾಲಿಗೆ ಬೆಂಗಳೂರು ಸ್ಟೇಷನ್‌ನಲ್ಲಿ ಇರಬೇಕು. ರೈಲು ಅರ್ಧ ಗಂಟೆ ತಡ ಆಗಬಹುದು ಅಂತ ಇಟ್ಟುಕೊಳ್ಳಿ, ವೇಳಾಪಟ್ಟಿ ಪ್ರಕಾರ ಎಂಟೂ ಮುಕ್ಕಾಲಿಗೆ ಮುಟ್ಟೋ ರೈಲು ಬೇಕು. ಮೈಸೂರಿಂದ ಬೆಂಗಳೂರಿಗೆ ಎಕ್ಸ್‌ಪ್ರೆಸ್ ರೈಲಿಗೆ ಎರಡೂವರೆಯಿಂದ ಮೂರು ಗಂಟೆ ಹಿಡಿಯಿರಿ. ಹಾಗಾದ್ರೆ ಮೈಸೂರಿಂದ ಆರು ಗಂಟೆಯೊಳಗೆ ಹೊರಡೋ ರೈಲು ಆಗಬೇಕು. ಆ ರೈಲು ಹಿಡಿಯೋಕೆ ಶ್ರೀರಂಗಪಟ್ಟಣದಿಂದ ನಾಲ್ಕೂ ಕಾಲಿಗೆ ಹೊರಡಬೇಕು.

ನೀವು ಈಗ ಕೇಳ್ತೀರಾ, "ತಾಳು ಮಾರಾಯ, ಬೆಂಗಳೂರಿಗೆ ಬರೋಕೆ ಮೈಸೂರಿಗೆ ಯಾಕೆ ಹೋಗ್ಬೇಕು? ಉಲ್ಟಾ ಅಲ್ವಾ?" ಅಂತ. ಹೌದು, ಉಲ್ಟಾ. ನನಗೂ ಹಾಗೇ ಅನ್ನಿಸಿತ್ತು. ಆದ್ರೆ ಶ್ರೀರಂಗಪಟ್ಟಣದಿಂದ ಮೈಸೂರು ಸುಮಾರು ಹದಿನೈದು ಕಿಲೋಮೀಟರ್, ಅಷ್ಟೇ. ಬಸ್ಸುಗಳು ಒಂದರ ಹಿಂದೆ ಒಂದು ಬರ್ತಾನೇ ಇರುತ್ತೆ. ಆ ಹದಿನೈದು ಕಿಲೋಮೀಟರ್ ಹಿಂದಕ್ಕೆ ಹೋದ್ರೆ ಎರಡು ಲಾಭ. ಒಂದು, ಮೈಸೂರಿಂದ ಹೊರಡೋ ಎಲ್ಲಾ ರೈಲೂ ನಿಮಗೆ ಸಿಗುತ್ತೆ, ನಿಲ್ಲುತ್ತೋ ಇಲ್ವೋ ಅನ್ನೋ ಭಯ ಇಲ್ಲ. ಎರಡು, ಹಲವು ರೈಲು ಅಲ್ಲೇ ಹುಟ್ಟೋದರಿಂದ ಖಾಲಿ ಬೋಗಿ ಸಿಗುತ್ತೆ. ಭಾನುವಾರ ಸಂಜೆ ದಾರಿ ಮಧ್ಯದ ಸ್ಟೇಷನ್ನಲ್ಲಿ ಹತ್ತಿದ್ರೆ ಬಾಗಿಲ ಹತ್ತಿರ ಒಂದು ಕಾಲಲ್ಲಿ ನಿಂತುಕೊಂಡು ಬರ್ತೀರ. ಬೆಳಗ್ಗೆಯಿಂದ ಸುತ್ತಿ ಸುಸ್ತಾಗಿರೋ ಇಬ್ಬರು ಹಾಗೆ ಮೂರು ಗಂಟೆ ನಿಂತು ಬಂದ್ರೆ ಇಡೀ ದಿನದ ಖುಷಿ ಕೆಂಗೇರಿ ಬರೋ ಹೊತ್ತಿಗೆ ಜಗಳ ಆಗಿರುತ್ತೆ. ನಾನು ನೋಡಿದೀನಿ. ಬೇರೆಯವರದ್ದಲ್ಲ, ನಮ್ಮದೇ.

ಆದ್ದರಿಂದ ಎಲ್ಲೆಲ್ಲೋ ದುಡ್ಡು ಉಳಿಸಿ, ವಾಪಸ್ ಬರೋ ಸೀಟಿಗೆ ಮಾತ್ರ ಖರ್ಚು ಮಾಡಿ ಅನ್ನೋದು ನನ್ನ ಅಭಿಪ್ರಾಯ. ಎಕ್ಸ್‌ಪ್ರೆಸ್ ರೈಲುಗಳಲ್ಲಿ 2S ಅಂತ ಒಂದು ದರ್ಜೆ ಇರುತ್ತೆ, ಸೆಕೆಂಡ್ ಸಿಟ್ಟಿಂಗ್. ಎಸಿ ಇಲ್ಲ, ಆದ್ರೆ ಸೀಟ್ ನಂಬರ್ ನಿಮ್ಮದು. ಮೈಸೂರು-ಬೆಂಗಳೂರಿಗೆ ತಲೆಗೆ ನೂರು ರೂಪಾಯಿ ಆಸುಪಾಸು. ಹಿಂದಿನ ವಾರವೇ ಮಾಡಿಸಿ, ಭಾನುವಾರದ್ದು ಬೇಗ ಖಾಲಿಯಾಗುತ್ತೆ. ಒಂದು ಎಚ್ಚರಿಕೆ: ಇದನ್ನ ರದ್ದು ಮಾಡಿದ್ರೆ ತಲೆಗೆ 60 ರೂಪಾಯಿ ಹಿಡ್ಕೊಳ್ತಾರೆ. ನೂರರ ಟಿಕೆಟಲ್ಲಿ ಅರವತ್ತು ಹೋದ್ರೆ ಉಳಿಯೋದೇನು? ಆದ್ದರಿಂದ ಇಬ್ಬರಿಗೂ ರಜೆ ಖಾತ್ರಿ ಆದ ಮೇಲೆ ಮಾಡಿಸಿ.

ಹೋಗೋ ಟಿಕೆಟ್‌ಗೆ ಬುಕಿಂಗ್ ಬೇಡ. ಬೆಳಗಿನ ಪ್ಯಾಸೆಂಜರ್ ಅಥವಾ ಮೆಮು ರೈಲು ಸಾಕು. ನಮಗೆ ಇಬ್ಬರಿಗೂ ಸೇರಿ ಎಪ್ಪತ್ತು ರೂಪಾಯಿ ಆಯ್ತು. ಮಾಲ್‌ನಲ್ಲಿ ಇಷ್ಟಕ್ಕೆ ಒಂದು ಬಾಟಲಿ ನೀರು ಬರಬಹುದು.

ಇಲ್ಲಿ ಜನ ಮಾಡೋ ತಪ್ಪು ಒಂದಿದೆ, ಅದನ್ನ ನಿಧಾನವಾಗಿ ಹೇಳ್ತೀನಿ. ಮೊಬೈಲಲ್ಲಿ RailOne ಆಪ್‌ನಲ್ಲಿ ಕಾಯ್ದಿರಿಸದ ಟಿಕೆಟ್ ತಗೊಳ್ಳೋವಾಗ ರೈಲಿನ ಬಗೆ ಕೇಳುತ್ತೆ: ORDINARY, MAIL/EXP, SUPERFAST. ಪ್ಯಾಸೆಂಜರ್, ಮೆಮುಗೆ ORDINARY ಸಾಕು, ಅದೇ ಅಗ್ಗದ್ದು. ಆದ್ರೆ ಪ್ಯಾಸೆಂಜರ್ ತಪ್ಪಿಸಿಕೊಂಡು, ಅದೇ ಟಿಕೆಟ್ ಇಟ್ಕೊಂಡು ಹಿಂದೆ ಬಂದ ಎಕ್ಸ್‌ಪ್ರೆಸ್ ಹತ್ತಿದ್ರೆ ಅದು ನಡೆಯಲ್ಲ. ಟಿಟಿಇ ಹಿಡಿದ್ರೆ ತಲೆಗೆ ಕನಿಷ್ಠ 250 ರೂಪಾಯಿ ದಂಡ, ಅದರ ಮೇಲೆ ಚಾರ್ಜು. ಇಬ್ಬರಿಗೆ ಐನೂರು ಅಲ್ಲೇ ಹೋಯ್ತು, ಇಡೀ ದಿನದ ಬಜೆಟ್ ಮುಗೀತು. ರೈಲು ತಪ್ಪಿದ್ರೆ ಹೊಸ ಟಿಕೆಟ್ ತಗೊಳ್ಳಿ, ವಾದ ಮಾಡೋಕೆ ಹೋಗ್ಬೇಡಿ.

ಇನ್ನೆರಡು ಸಣ್ಣ ವಿಷಯ. ಪೇಪರ್ ಇಲ್ಲದ ಮೊಬೈಲ್ ಟಿಕೆಟ್‌ನ ಸ್ಟೇಷನ್ ಒಳಗೆ ನಿಂತು ಮಾಡೋಕಾಗಲ್ಲ, ಜಿಪಿಎಸ್ ತಡೆಯುತ್ತೆ. ಹೊರಗಡೆಯೇ ಮಾಡ್ಕೊಂಡು ಒಳಗೆ ಹೋಗಿ, ಇಲ್ಲಾಂದ್ರೆ ಸ್ಟೇಷನ್ನಲ್ಲಿ ಅಂಟಿಸಿರೋ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ. ಮತ್ತೆ ಹಿಂದಿನ ರಾತ್ರಿಯೇ ತಗೊಂಡು ಇಟ್ಕೊಳ್ಳೋಣ ಅಂತಲೂ ಹೋಗ್ಬೇಡಿ. ಇಷ್ಟು ಹತ್ತಿರದ ಪ್ರಯಾಣಕ್ಕೆ ಟಿಕೆಟ್ ತಗೊಂಡ ಮೇಲೆ ಮೂರು ಗಂಟೆಯೊಳಗೆ ಹೊರಡಬೇಕು. ಸ್ಕ್ರೀನ್‌ಶಾಟ್ ತೋರಿಸಿದ್ರೆ ಒಪ್ಪಲ್ಲ, ಆಪ್ ತೆರೆದೇ ತೋರಿಸಬೇಕು. ಚಾರ್ಜ್ ಖಾಲಿಯಾದ ಫೋನ್ ಅಂದ್ರೆ ಟಿಕೆಟ್ ಇಲ್ಲ ಅಂತಲೇ ಅರ್ಥ. ಇಬ್ಬರ ಟಿಕೆಟ್ ಒಬ್ಬರ ಫೋನಲ್ಲಿದ್ರೆ ಆ ಫೋನಲ್ಲಿ ರೀಲ್ಸ್ ನೋಡ್ಬೇಡಿ ಅಂತ ಅವಳು ನನಗೆ ಕಟ್ಟಪ್ಪಣೆ ಮಾಡಿದ್ಲು.

ರೈಲು ಹೊರಡೋಕೆ ಅರ್ಧ ಗಂಟೆ ಮುಂಚೆ ಬೆಂಗಳೂರು ಸಿಟಿ ಸ್ಟೇಷನ್‌ಗೇ ಹೋಗಿ ಹತ್ತಿ. ಕೆಂಗೇರಿಯಲ್ಲಿ ಹತ್ತಿದ್ರೆ ಅರ್ಧ ಗಂಟೆ ನಿದ್ದೆ ಜಾಸ್ತಿ ಸಿಗುತ್ತೆ, ಕಿಟಕಿ ಸಿಗಲ್ಲ. ಈ ಪ್ರಯಾಣಕ್ಕೆ ಕಿಟಕಿಯೇ ಮುಖ್ಯ. ಬಿಡದಿ ದಾಟಿದ ಮೇಲೆ ರಾಮನಗರದ ಬಂಡೆಗಳು ಶುರುವಾಗುತ್ತೆ, ಶೋಲೆ ಸಿನಿಮಾ ತೆಗೆದ ಬೆಟ್ಟಗಳು. ಮದ್ದೂರಲ್ಲಿ ಶಿಂಷಾ ನದಿ. ಆಮೇಲೆ ಮಂಡ್ಯದ ಕಬ್ಬು, ಭತ್ತ. ಪ್ಯಾಸೆಂಜರ್ ಎಲ್ಲಾ ಸಣ್ಣ ಸ್ಟೇಷನ್ನಲ್ಲೂ ನಿಲ್ಲುತ್ತೆ, ತರಕಾರಿ ಚೀಲದವರು, ಹೂವಿನ ಬುಟ್ಟಿಯವರು ಹತ್ತಿ ಇಳೀತಾರೆ. ನಾವು ಮದ್ದೂರು ವಡೆ ತಗೊಂಡ್ವಿ, ಕಾಫಿ ಕುಡಿದ್ವಿ, ತೊಂಬತ್ತು ರೂಪಾಯಿ. ಮೂರು ಗಂಟೆ ಹತ್ತಿರ ಆಗುತ್ತೆ. ಬೆಂಗಳೂರಲ್ಲಿ ನಾವಿಬ್ಬರು ಮೂರು ಗಂಟೆ ಒಂದೇ ಕಡೆ ಕೂತು ಮಾತಾಡಿದ್ದೇ ಇರಲಿಲ್ಲ. ಎಲ್ಲಾದ್ರೂ ಕೂತ್ರೆ ಅರ್ಧ ಗಂಟೆಗೆ ಬಿಲ್ ತಂದಿಡ್ತಾರೆ.

ಪಾಂಡವಪುರ ಬಿಟ್ಟ ಮೇಲೆ ಫೋನ್ ಒಳಗಿಡಿ. ರೈಲು ಕಾವೇರಿಯ ಒಂದು ಕವಲು ದಾಟಿ ದ್ವೀಪಕ್ಕೆ ಬರುತ್ತೆ, ಕೋಟೆಯೊಳಗೇ ನುಗ್ಗುತ್ತೆ. ಸ್ಟೇಷನ್ ಇರೋದೇ ಕೋಟೆ ಒಳಗೆ. ಇಳಿದ ತಕ್ಷಣ ಹತ್ತಿರದಲ್ಲೇ ಟಿಪ್ಪು ಕಾಲದ ಒಂದು ಮದ್ದಿನ ಮನೆ ಇದೆ, ನೆಲದೊಳಗೆ ಅರ್ಧ ಹೂತಂತೆ ಇರೋ ಇಟ್ಟಿಗೆ ಕಟ್ಟಡ. ಜೋಡಿ ಹಳಿ ಹಾಕೋಕೆ ಅದು ಅಡ್ಡ ಬಂತು. ಒಡೆಯೋ ಹಾಗಿಲ್ಲ, ರಕ್ಷಿತ ಸ್ಮಾರಕ. ಕೊನೆಗೆ 2017ರಲ್ಲಿ ಇಡೀ ಕಟ್ಟಡವನ್ನ ಬುಡಸಮೇತ ಎತ್ತಿ ನೂರು ಮೀಟರ್‌ಗೂ ಹೆಚ್ಚು ದೂರ ಸರಿಸಿಟ್ರು. ಅದಾದ ಮೇಲೇ ಅಲ್ಲಿ ಎರಡನೇ ಹಳಿ ಬಂದಿದ್ದು. ನೀವು ಬಂದ ರೈಲು ಓಡಿದ ದಾರಿ ಅದೇ. ಇದಕ್ಕೆ ಟಿಕೆಟ್ ಇಲ್ಲ, ಐದು ನಿಮಿಷ ನಿಂತು ನೋಡಬಹುದು.

ಈಗ ಊರೊಳಗಿನ ಲೆಕ್ಕ. ದ್ವೀಪ ಉದ್ದಕ್ಕಿದೆ. ಪಶ್ಚಿಮದ ತುದಿಯಲ್ಲಿ ಕೋಟೆ, ಸ್ಟೇಷನ್, ರಂಗನಾಥಸ್ವಾಮಿ ದೇವಸ್ಥಾನ, ಬಸ್ ನಿಲ್ದಾಣ. ಪೂರ್ವದ ತುದಿಯಲ್ಲಿ ಸಂಗಮ. ಮಧ್ಯದಲ್ಲಿ ದರಿಯಾ ದೌಲತ್ ಮತ್ತು ಗುಂಬಜ್. ಎಲ್ಲರೂ ಕೋಟೆಯಿಂದ ಶುರುಮಾಡಿ ನಿಧಾನವಾಗಿ ಪೂರ್ವಕ್ಕೆ ಹೋಗ್ತಾರೆ. ಮಧ್ಯಾಹ್ನ ಮೂರೂವರೆಗೆ ಸಂಗಮದಲ್ಲಿ ಇರ್ತಾರೆ, ಅಲ್ಲಿಂದ ಬಸ್ ನಿಲ್ದಾಣಕ್ಕೆ ನಾಲ್ಕೈದು ಕಿಲೋಮೀಟರ್ ದೂರ, ಆಟೋದವರು ಕೇಳಿದ್ದೇ ರೇಟು. ನಮ್ಮ ಮೊದಲನೇ ಸಲದ ತಪ್ಪಲ್ಲಿ ಇದೂ ಒಂದು.

ಎರಡನೇ ಸಲ ದೇವಸ್ಥಾನ ಮೊದಲು ಮುಗಿಸಿದ್ವಿ, ಯಾಕಂದ್ರೆ ಸ್ಟೇಷನ್‌ನಿಂದ ನಡೆದೇ ಹೋಗಬಹುದು, ಮಧ್ಯಾಹ್ನ ಬಾಗಿಲು ಹಾಕ್ತಾರೆ. ಆಮೇಲೆ ಒಂದೇ ಸಲಕ್ಕೆ ದೂರದ ತುದಿಗೆ ಹೋದ್ವಿ. ಸ್ಟೇಷನ್ ಹತ್ತಿರ ಆಟೋದವರು "ಎಲ್ಲಾ ತೋರಿಸ್ಕೊಂಡು ಬರ್ತೀನಿ, ಆರುನೂರು ಕೊಡಿ" ಅಂದ್ರು. ಬೇಡಣ್ಣ, ಸಂಗಮಕ್ಕೆ ಒಂದು ಕಡೆ ಮಾತ್ರ ಬಿಡಿ ಅಂದ್ವಿ. ನೂರಕ್ಕೆ ಒಪ್ಪಿದ್ರು. ಪೂರ್ತಿ ಪ್ಯಾಕೇಜ್ ತಗೊಂಡ್ರೆ ದುಡ್ಡಿನ ಮಾತು ಬಿಡಿ, ಆಟೋ ಕಾಯ್ತಾ ಇದೆ ಅನ್ನೋ ಆತುರ ನಿಮ್ಮ ತಲೆಯಲ್ಲಿ ಕೂತಿರುತ್ತೆ. ಎಲ್ಲೂ ಹತ್ತು ನಿಮಿಷ ಕೂರಲ್ಲ. ಜೋಡಿಯಾಗಿ ಹೋಗಿ ಕೂರೋಕಾಗದೇ ಇದ್ರೆ ಹೋಗಿದ್ದು ಯಾಕೆ?

ದೂರದಿಂದ ಶುರುಮಾಡಿ ಬಸ್ ನಿಲ್ದಾಣದ ಕಡೆಗೆ ಬರ್ತಾ ಇದ್ರೆ ಹೊತ್ತಾದಂತೆಲ್ಲ ನೀವು ಮನೆಗೆ ಹತ್ತಿರ ಆಗ್ತಾ ಇರ್ತೀರ. ಸಮಯ ಕಡಿಮೆ ಬಿದ್ರೆ ಒಂದು ಜಾಗ ಬಿಡಬಹುದು, ರೈಲು ತಪ್ಪಲ್ಲ.

ಸಂಗಮದಲ್ಲಿ ಕಾವೇರಿಯ ಎರಡೂ ಕವಲು ಮತ್ತೆ ಸೇರುತ್ತೆ. ಮೆಟ್ಟಿಲ ಮೇಲೆ ಕೂತು ಕಾಲು ಇಳಿಬಿಡಬಹುದು. ಆದ್ರೆ ಇಳಿದು ಈಜೋಕೆ ಹೋಗ್ಬೇಡಿ. ಮೇಲೆ ಶಾಂತವಾಗಿ ಕಾಣೋ ನೀರಿಗೆ ಕೆಳಗೆ ಸುಳಿ ಇದೆ, ಕಲ್ಲು ಜಾರುತ್ತೆ. ಸೆಲ್ಫಿಗೆ ಅಂತ ಹಿಂದೆ ಹಿಂದೆ ಹೆಜ್ಜೆ ಇಡ್ತಾ ಇದ್ದ ಹುಡುಗನೊಬ್ಬನನ್ನ ಅಲ್ಲಿನ ತೆಪ್ಪದವರು ಕೂಗಿ ನಿಲ್ಲಿಸಿದ್ದನ್ನ ನಾವೇ ನೋಡಿದ್ವಿ. ಮಳೆಗಾಲದಲ್ಲಿ ಹೋಗೋದಾದ್ರೆ ಹಿಂದಿನ ದಿನ ಸುದ್ದಿ ನೋಡಿ. ಮೇಲೆ ಕೆಆರ್‌ಎಸ್ ಅಣೆಕಟ್ಟೆ ಇದೆ. ಅಲ್ಲಿಂದ ಜಾಸ್ತಿ ನೀರು ಬಿಟ್ಟ ದಿನ ಇಲ್ಲಿ ಮೆಟ್ಟಿಲೇ ಮುಳುಗಿರುತ್ತೆ, ಹತ್ತಿರ ಬಿಡಲ್ಲ. ತೆಪ್ಪದಲ್ಲಿ ಹೋಗೋದಿದ್ರೆ ರೇಟು ಇಬ್ಬರಿಗೋ ಒಬ್ಬರಿಗೋ ಅಂತ ಹತ್ತೋ ಮೊದಲೇ ಕೇಳಿ, ಲೈಫ್ ಜಾಕೆಟ್ ಇಲ್ಲಾಂದ್ರೆ ಹತ್ತಬೇಡಿ. ನಾವು ಹತ್ತಲಿಲ್ಲ, ಎರಡು ಎಳನೀರು ಕುಡಿದು ಒಂದು ಗಂಟೆ ಕೂತಿದ್ವಿ. ನೂರು ರೂಪಾಯಿ.

ಅಲ್ಲೇ ಅವಳು ಅಪ್ಪನ ವಿಷಯ ಎತ್ತಿದ್ದು. ಆ ರಾತ್ರಿ ಫೋನ್ ಹೋದ ಮೇಲೆ ಅಪ್ಪ ಬೈದಿರಲಿಲ್ಲವಂತೆ. "ಯಾರ ಜೊತೆ ಹೋಗಿದ್ದೆ?" ಅಂತ ಮಾತ್ರ ಕೇಳಿದ್ರಂತೆ, ಇವಳು ಫ್ರೆಂಡ್ಸ್ ಜೊತೆ ಅಂದಿದ್ಲು. ಆ ಸುಳ್ಳು ಮೂರು ತಿಂಗಳಿಂದ ಒಳಗೇ ಕೊರೀತಿದೆ ಅಂದ್ಲು. ನಾನು ಅಷ್ಟು ದಿನ ಅವಳಿಗೆ ನನ್ನ ಮೇಲೆ ಕೋಪ ಅಂದುಕೊಂಡಿದ್ದೆ.

ಸಂಗಮದಿಂದ ಗುಂಬಜ್‌ಗೆ ನಡೆದ್ವಿ, ಒಂದು ಕಿಲೋಮೀಟರ್ ಆಸುಪಾಸು. ಹೈದರ್ ಅಲಿ, ಅವನ ಹೆಂಡತಿ ಫಕ್ರುನ್ನಿಸಾ ಮತ್ತು ಟಿಪ್ಪು, ಮೂವರ ಸಮಾಧಿ ಇರೋ ಜಾಗ. ಸುತ್ತ ಕಪ್ಪಗೆ ಹೊಳೆಯೋ ಕಲ್ಲಿನ ಕಂಬಗಳು, ಒಳಗೋಡೆ ಮೇಲೆ ಹುಲಿಪಟ್ಟೆ ಬಣ್ಣ. ಒಳಗೆ ಪ್ರಾರ್ಥನೆ ಮಾಡೋರು ಇರ್ತಾರೆ, ಚಪ್ಪಲಿ ಬಿಟ್ಟು ಸದ್ದು ಮಾಡದೆ ಹೋಗಿ ಬನ್ನಿ. ಅಲ್ಲಿ ಕೈ ಕೈ ಹಿಡಿದು ಫೋಟೋ ತೆಗೆಸ್ಕೊಳ್ಳೋದು ಬೇಡ. ಅದಕ್ಕೆ ಬೇರೆ ಜಾಗ ಇದೆ.

ಗುಂಬಜ್‌ನಿಂದ ದರಿಯಾ ದೌಲತ್‌ಗೆ ಆಟೋ, ಐವತ್ತು ರೂಪಾಯಿ. ನಡು ಮಧ್ಯಾಹ್ನದ ಬಿಸಿಲನ್ನ ಇಲ್ಲಿ ಕಳೀಬೇಕು ಅಂತಲೇ ಹೀಗೆ ಜೋಡಿಸಿದ್ದು. ದೊಡ್ಡ ತೋಟ, ಹುಲ್ಲು, ಮರದ ನೆರಳು. ಪ್ರವೇಶ ತಲೆಗೆ 25 ರೂಪಾಯಿ. ಹುಡುಗೀರಿಗೆ ಒಂದು ಮಾತು: ದಾರಿಯಲ್ಲಿ ಶೌಚಾಲಯದ್ದೇ ದೊಡ್ಡ ತಲೆನೋವು, ಅದಕ್ಕೆ ನೀರೇ ಕುಡಿಯದೆ ಕೂತ್ಕೋತೀರ, ಮೂರು ಗಂಟೆಗೆ ತಲೆ ಸುತ್ತುತ್ತೆ. ಟಿಕೆಟ್ ಇರೋ ಸ್ಮಾರಕದ ಆವರಣದಲ್ಲಿ ವ್ಯವಸ್ಥೆ ಇರುತ್ತೆ. ಇದನ್ನ ಮಧ್ಯಾಹ್ನದ ನಿಲುಗಡೆ ಮಾಡ್ಕೊಂಡ್ರೆ ದಿನ ಪೂರ್ತಿ ನೀರು ಕುಡಿಯಬಹುದು. ಹುಡುಗರು ಇದನ್ನ ಯೋಚನೆ ಮಾಡಲ್ಲ, ನಾನೂ ಮಾಡಿರಲಿಲ್ಲ.

ಅರಮನೆ ಸಣ್ಣದು, ಮರದ್ದು, 1784ರಲ್ಲಿ ಟಿಪ್ಪು ಕಟ್ಟಿಸಿದ್ದು. ಹೊರಗಡೆಯಿಂದ ಹಸಿರು ಪರದೆ ಇಳಿಬಿಟ್ಟಿರೋದರಿಂದ ಏನೂ ಇಲ್ಲ ಅನ್ನಿಸುತ್ತೆ. ಆ ಪರದೆ ಬಿಸಿಲಿಗೆ ಬಣ್ಣ ಮಾಸದ ಹಾಗೆ ಹಾಕಿರೋದು. ಅದರ ಹಿಂದೆ ಹೋಗಿ. ಪಶ್ಚಿಮದ ಗೋಡೆ ತುಂಬ 1780ರ ಪೊಲ್ಲಿಲೂರು ಯುದ್ಧದ ಚಿತ್ರ. ಹೈದರ್, ಟಿಪ್ಪು ಸೈನ್ಯ ಕಂಪನಿಯ ಸೈನ್ಯವನ್ನ ಸೋಲಿಸಿದ ಯುದ್ಧ ಅದು. ಮಧ್ಯದಲ್ಲಿ ಪಲ್ಲಕ್ಕಿಯಲ್ಲಿ ಗಾಯಗೊಂಡು ಕೂತಿರೋನು ಕರ್ನಲ್ ಬೈಲಿ. ಮದ್ದಿನ ಬಂಡಿ ಸಿಡಿದಿರೋದು ಎಲ್ಲಿದೆ ಹುಡುಕಿ. ನಾವಿಬ್ಬರು ಪಂದ್ಯ ಕಟ್ಟಿಕೊಂಡು ಹುಡುಕಿದ್ವಿ, ಅವಳು ಗೆದ್ದಳು. ಟಿಪ್ಪು 1799ರ ಮೇ 4ರಂದು ಇದೇ ಊರಿನ ಕೋಟೆಯಲ್ಲಿ ಸತ್ತ ಮೇಲೆ ಇದೇ ಮನೆಯಲ್ಲಿ ಆರ್ಥರ್ ವೆಲ್ಲೆಸ್ಲಿ ಬಂದು ಇದ್ದ. ಸೋತವರ ಚಿತ್ರದ ನಡುವೆ ಗೆದ್ದೋನು ವಾಸ ಮಾಡಿದ್ದು ವಿಚಿತ್ರ ಅನ್ನಿಸುತ್ತೆ ನನಗೆ.

ಇನ್ನು ಒಂದು ವಿಷಯ, ಕೇಳುಗರಲ್ಲಿ ತುಂಬ ಜನ ಕೇಳಿರೋದು. "ಯಾರಾದ್ರೂ ಬಂದು ನೀವಿಬ್ಬರು ಯಾರು ಅಂತ ಕೇಳಿದ್ರೆ?" ಅಂತ. ಇಬ್ಬರೂ ವಯಸ್ಕರು, ಸಾರ್ವಜನಿಕ ಜಾಗದಲ್ಲಿ ಕೂರೋಕೆ ಮದುವೆ ಪತ್ರ ಬೇಕಿಲ್ಲ. ಆದ್ರೆ ಕಾನೂನು ಗೊತ್ತಿರೋದು ಬೇರೆ, ಅಲ್ಲಿ ನಿಂತು ವಾದ ಮಾಡೋದು ಬೇರೆ. ನಾವು ಮಾಡಿದ್ದು ಇಷ್ಟೇ: ಮೂಲೆ, ಪೊದೆ, ಪಾಳುಗೋಡೆ ಹಿಂದೆ ಹೋಗಲಿಲ್ಲ. ಕುಟುಂಬಗಳು ಕೂತಿರೋ ಹುಲ್ಲಿನ ಮೇಲೇ ನಾವೂ ಕೂತ್ವಿ. ಒಬ್ಬ ಬಂದು "ಎಲ್ಲಿಂದ ಬಂದ್ರಿ, ಏನಾಗಬೇಕು ಇವರು?" ಅಂತ ಕೇಳಿದ. ಪಕ್ಕದಲ್ಲಿ ಮೊಮ್ಮಕ್ಕಳ ಜೊತೆ ಕೂತಿದ್ದ ಅಜ್ಜಿ, "ನಿಂಗ್ಯಾಕಪ್ಪ ಅದೆಲ್ಲ, ಹೋಗು" ಅಂದ್ರು. ಹೋದ. ಹಾಗೇನಾದ್ರೂ ಅವನು ಬಿಡದೇ ಇದ್ದಿದ್ರೆ ಎದ್ದು ಟಿಕೆಟ್ ಕೌಂಟರ್ ಹತ್ತಿರ ಹೋಗೋದು, 112ಕ್ಕೆ ಫೋನ್ ಮಾಡೋದು ಅಂತ ಮೊದಲೇ ಮಾತಾಡ್ಕೊಂಡಿದ್ವಿ.

ಎರಡೂವರೆ ಹೊತ್ತಿಗೆ ಅಲ್ಲಿಂದ ನಡೆದು ಊರೊಳಗೆ ಬಂದು ಊಟ, ಇಬ್ಬರಿಗೂ ನೂರಾ ನಲವತ್ತು. ನಾಲ್ಕೂ ಕಾಲಿಗೆ ಮೈಸೂರಿನ ಬಸ್ಸು. ಇಲ್ಲಿ ಶಕ್ತಿ ಯೋಜನೆ ಬರುತ್ತೆ. ಕರ್ನಾಟಕದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸಾರಿಗೆ ಬಸ್ಸಲ್ಲಿ ಟಿಕೆಟ್ ಶೂನ್ಯ. ರಾಜ್ಯದ ವಿಳಾಸ ಇರೋ ಗುರುತಿನ ಚೀಟಿ ಬೇಕು, ಆಧಾರ್ ಜೊತೆಗಿರಲಿ. ಅವಳಿಗೆ ಸೊನ್ನೆ, ನನಗೆ ಇಪ್ಪತ್ತೈದು. ಹಾಗಾದ್ರೆ ಬೆಂಗಳೂರಿಂದಲೇ ಬಸ್ಸಲ್ಲಿ ಹೋಗಬಹುದಲ್ವಾ ಅಂದ್ರೆ, ಹೋಗಬಹುದು, ಆದ್ರೆ ಹುಡುಗನ ಬಸ್ ಚಾರ್ಜು ಒಂದು ಕಡೆಗೇ ಇಬ್ಬರ ರೈಲು ಚಾರ್ಜಿಗಿಂತ ಜಾಸ್ತಿ ಆಗುತ್ತೆ. ರೈಲು ಸಿಗದ ದಿನ ಬಸ್ಸೇ ಗತಿ ಆದ್ರೆ ಹತ್ತೋ ಮೊದಲು ಕಂಡಕ್ಟರನ್ನ ಸರಿಯಾಗಿ ಕೇಳಿ, "ಸಾರ್, ಶ್ರೀರಂಗಪಟ್ಟಣ ಊರೊಳಗೆ ಹೋಗುತ್ತಾ, ಬೈಪಾಸಾ?" ಅಂತ. "ಮೈಸೂರಿಗೆ ಹೋಗುತ್ತಾ" ಅಂತ ಕೇಳಿದ್ರೆ ಹೌದು ಅಂತಾರೆ, ನೀವು ಹೆದ್ದಾರಿ ಮೇಲೆ ಕಿಟಕಿಯಿಂದ ಶ್ರೀರಂಗಪಟ್ಟಣಕ್ಕೆ ಟಾಟಾ ಮಾಡ್ಕೊಂಡು ಹೋಗ್ತೀರ.

ದುಡ್ಡಿನ ಲೆಕ್ಕ ಮುಗಿಸಿಬಿಡ್ತೀನಿ. ಹೋಗೋ ರೈಲು 70, ವಡೆ ಕಾಫಿ 90, ದರಿಯಾ ದೌಲತ್ 50, ಆಟೋ ಎರಡೂ ಸೇರಿ 150, ಎಳನೀರು 100, ಊಟ 140, ಬಸ್ಸು 25, ವಾಪಸ್ ಸೀಟು ಇಬ್ಬರಿಗೆ 190. ಒಟ್ಟು 815. ಇದು ನಾವು ಹೋದ ದಿನದ ರೇಟು, ಬೆಂಗಳೂರಿನ ಮೆಟ್ರೋ ಸೇರಿಲ್ಲ. ಹಿಂದಿನ ಸಲ ಪ್ರತಿಯೊಂದಕ್ಕೂ ನಾನೇ ಕೊಡ್ತೀನಿ ಅಂತ ಜೇಬಿಗೆ ಕೈ ಹಾಕ್ತಿದ್ದೆ, ತಿಂಗಳ ಕೊನೆ ಬೇರೆ, ಒಳಗೊಳಗೇ ಎಣಿಸ್ತಿದ್ದೆ. ಅದು ಅವಳಿಗೆ ಗೊತ್ತಾಗ್ತಿತ್ತು. ಈ ಸಲ ಬೆಳಗ್ಗೆಯೇ ಇಬ್ಬರೂ ನಾನೂರೈವತ್ತು, ನಾನೂರೈವತ್ತು ಹಾಕಿ ಒಂದು ಸಣ್ಣ ಪರ್ಸ್ ಮಾಡಿದ್ವಿ. ಪರ್ಸ್ ಅವಳ ಬ್ಯಾಗಲ್ಲಿ. ಇಡೀ ದಿನ "ನಾನು ಕೊಡ್ತೀನಿ, ನೀನು ಬಿಡು" ಅನ್ನೋ ಮಾತೇ ಬರಲಿಲ್ಲ.

ಮೈಸೂರಲ್ಲಿ ಬಸ್ ನಿಲ್ದಾಣದಿಂದ ರೈಲ್ವೆ ಸ್ಟೇಷನ್‌ಗೆ ನಡೆದೇ ಹೋದ್ವಿ. ರೈಲು ಇಪ್ಪತ್ತು ನಿಮಿಷ ತಡವಾಗಿ ಬೆಂಗಳೂರು ಮುಟ್ಟಿತು. ಇಟ್ಟುಕೊಂಡಿದ್ದ ಅರ್ಧ ಗಂಟೆ ಅಲ್ಲಿಗೆ ಸರಿಹೋಯ್ತು. ಒಂಬತ್ತೂ ಐವತ್ತಕ್ಕೆ ಪಿಜಿ ಮುಂದೆ ನಿಂತಿದ್ವಿ, ಗೇಟ್ ತೆರೆದೇ ಇತ್ತು. ಪರ್ಸಲ್ಲಿ ಎಂಬತ್ತೈದು ರೂಪಾಯಿ ಉಳಿದಿತ್ತು. ಅವಳು ಅದನ್ನ ವಾಪಸ್ ಕೊಡಲಿಲ್ಲ, ಮುಂದಿನ ಸಲಕ್ಕೆ ಇರಲಿ ಅಂತ ಇಟ್ಕೊಂಡ್ಲು. ಒಳಗೆ ಹೋಗಿ ಅಪ್ಪಂಗೆ ಅವಳೇ ಫೋನ್ ಮಾಡಿದ್ಲು. ಏನು ಮಾತಾಡಿದ್ಲು ಅನ್ನೋದು ಇನ್ನೊಂದು ಸಂಚಿಕೆಯ ವಿಷಯ, ಅದಕ್ಕೆ ಅವಳ ಒಪ್ಪಿಗೆ ಇನ್ನೂ ಸಿಕ್ಕಿಲ್ಲ.

ನಿಮ್ಮೂರಿಂದ ಹೀಗೆ ರೈಲಲ್ಲೋ ಬಸ್ಸಲ್ಲೋ ಹೋಗಿ ಬರೋ ಜಾಗ ಇದ್ರೆ ವಾಯ್ಸ್ ಮೆಸೇಜ್ ಕಳಿಸಿ. ವಾಪಸ್ ಬರೋ ಗಾಡಿ ಎಷ್ಟು ಹೊತ್ತಿಗೆ ಅಂತ ಮೊದಲು ಹೇಳಿ, ಜಾಗದ ಹೆಸರು ಆಮೇಲೆ.